ಫೋನಿನಲ್ಲಿ ಚೀನೀ, ಟಿವಿಯಲ್ಲಿ ಅರಬ್ಬಿ: ಪರದೆ ಕೂಡಿಸಿದ ಒಂದು ರಾತ್ರಿ

ನನ್ನ ತಂಗಿ ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಲ್ಯಾಪ್‌ಟಾಪ್‌ನಿಂದ ವಿಡಿಯೋ ಕಾಲ್ ಮಾಡಿದಳು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳ ತಂಡದ ನಾಲ್ಕು ಜನ ಅವಳ ಬಾಡಿಗೆ ಮನೆಗೇ ಬರುವವರಿದ್ದರು. ಒಂದು ಆ್ಯಪ್ ಚೀನೀ ಭಾಷೆಯಲ್ಲಿ ಹೇಗೆ ಓಡುತ್ತದೆ ಎಂದು ಅವರಿಗೆ ಟಿವಿಯ ದೊಡ್ಡ ಪರದೆ ಮೇಲೆ ತೋರಿಸಬೇಕಿತ್ತು.

ಆಫೀಸಿನವರು ಕೊಟ್ಟಿದ್ದ ಫೋನು ಚೀನಾದ ಮಾರುಕಟ್ಟೆಗೆ ತಯಾರಾದ ಆಂಡ್ರಾಯ್ಡ್ ಫೋನು. ಮೆನು ಎಲ್ಲ ಚೀನೀ ಲಿಪಿಯಲ್ಲಿ. ಮನೆಯಲ್ಲಿದ್ದ ಟಿವಿ ಆಂಡ್ರಾಯ್ಡ್ ಮೇಲೆ ನಡೆಯುವಂಥದ್ದು, ಅದರ ಮೆನು ಪೂರ್ತಿ ಅರಬ್ಬಿಯಲ್ಲಿ. ತಂಗಿಗೆ ಈ ಎರಡರಲ್ಲಿ ಒಂದು ಅಕ್ಷರವೂ ಬರುವುದಿಲ್ಲ. ನನಗೆ ಕೆಲಸದ ಕಾರಣಕ್ಕೆ ನೋಡಿ ನೋಡಿ ಪರಿಚಯವಾದ ಬೆರಳೆಣಿಕೆಯಷ್ಟು ಮೆನು ಪದಗಳು ಗೊತ್ತಿದ್ದವು, ಅಷ್ಟೇ.

"ಭಾಷೆ ಬದಲಾಯಿಸಿಬಿಡು" ಅನ್ನುವುದು ಯಾರಿಗಾದರೂ ಮೊದಲು ಹೊಳೆಯುವ ಮಾತು. ನಾನೂ ಅದನ್ನೇ ಹೇಳಿದೆ. ಆದರೆ ಫೋನನ್ನು ಚೀನೀ ಭಾಷೆಯಲ್ಲೇ ಇಡಬೇಕಿತ್ತು, ಯಾಕೆಂದರೆ ಪರೀಕ್ಷೆಯೇ ಅದರದ್ದು. ಟಿವಿ ಮನೆ ಒಡತಿಯದ್ದು. ಅದರ ಸೆಟ್ಟಿಂಗ್ ಮುಟ್ಟಬೇಡ ಎಂದು ಅವರು ಮೊದಲೇ ಹೇಳಿದ್ದರು. ಹಾಗಾಗಿ ಎರಡನ್ನೂ ಇದ್ದ ಹಾಗೇ ಇಟ್ಟುಕೊಂಡು ಕೂಡಿಸಬೇಕಾಯಿತು.

ಇಂಥ ನಿರ್ಬಂಧ ಇಲ್ಲದವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಭಾಷೆಗಳ ಪಟ್ಟಿಯೊಂದನ್ನು ಮಾತ್ರ ಯಾವ ಯಂತ್ರದಲ್ಲಾದರೂ ಓದಬಹುದು. ಅಲ್ಲಿ ಸಾಮಾನ್ಯವಾಗಿ ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿ ಇರುತ್ತದೆ. English ಎಂಬುದು English ಎಂದೇ ಕಾಣುತ್ತದೆ, ಕನ್ನಡ ಇದ್ದರೆ ಕನ್ನಡ ಎಂದೇ. ಕಷ್ಟ ಇರುವುದು ಆ ಪಟ್ಟಿಯವರೆಗೆ ಹೋಗುವುದರಲ್ಲಿ. ಚೀನೀ ಮೆನುವಿನಲ್ಲಿ ಭಾಷೆ ಎಂಬುದಕ್ಕೆ 语言, ಅರಬ್ಬಿಯಲ್ಲಿ اللغة. ಹೋಗುವಾಗ ಪ್ರತಿ ಮೆಟ್ಟಿಲಲ್ಲೂ ಮೇಲಿನಿಂದ ಎಷ್ಟನೇ ಸಾಲು ಒತ್ತಿದಿರಿ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಮೊದಲಿನ ಭಾಷೆಗೆ ತರುವಾಗ ಅದೇ ದಾರಿ ಬೇಕಾಗುತ್ತದೆ.

ಆದರೆ ನಮ್ಮ ವಿಷಯದಲ್ಲಿ ಭಾಷೆ ಬದಲಾಯಿಸಿದ್ದರೂ ಪರದೆ ಕೂಡುತ್ತಿರಲಿಲ್ಲ. ಅದು ಗೊತ್ತಾಗಲು ಒಂದು ಗಂಟೆ ಹಿಡಿಯಿತು.

ಕೊನೆಯ ಅಕ್ಷರ ಒಂದೇ, ಕೆಲಸ ಬೇರೆ

ಫೋನಿನಲ್ಲಿ ಮೇಲಿನಿಂದ ಕೆಳಗೆ ಎಳೆದರೆ ಚೌಕ ಚೌಕವಾಗಿ ಗುಂಡಿಗಳು ಬರುತ್ತವಲ್ಲ, ಅಲ್ಲಿಂದ ಶುರು ಮಾಡಿದೆವು. ಚೀನೀ ಫೋನುಗಳಲ್ಲಿ ಪರದೆಯನ್ನು ಟಿವಿಗೆ ಕಳಿಸುವ ಗುಂಡಿಯ ಕೆಳಗೆ ಸಾಮಾನ್ಯವಾಗಿ 投屏 ಎಂದಿರುತ್ತದೆ. ಎರಡು ಅಕ್ಷರ. ಮೊದಲನೆಯದಕ್ಕೆ ಎಸೆಯುವುದು ಎಂಬ ಅರ್ಥ, ಎರಡನೆಯದಕ್ಕೆ ಪರದೆ. ನಾನು ಅದನ್ನು ಚಾಟ್‌ನಲ್ಲಿ ಕಳಿಸಿ, "ಇದೇ ಥರ ಇರೋದು ಹುಡುಕು" ಎಂದೆ.

ಅವಳು ಒಂದನ್ನು ಒತ್ತಿದಳು. ಪರದೆ ಒಮ್ಮೆ ಮಿಂಚಿತು, ಒಂದು ಪುಟ್ಟ ಚಿತ್ರ ಮೂಲೆಗೆ ಹೋಗಿ ಕೂತಿತು.

"ಅಕ್ಕಾ, ಏನೋ ಫೋಟೋ ತೆಗೀತು."

ಅವಳು ಒತ್ತಿದ್ದು 截屏, ಅಂದರೆ ಸ್ಕ್ರೀನ್‌ಶಾಟ್. ಮತ್ತೊಂದು ಒತ್ತಿದಳು. ಕೆಂಪು ಚುಕ್ಕೆ ಬಂತು, ಸೆಕೆಂಡ್ ಎಣಿಕೆ ಶುರುವಾಯಿತು. ಅದು 录屏, ಪರದೆಯ ರೆಕಾರ್ಡಿಂಗ್. ಅವಳದ್ದೇನೂ ತಪ್ಪಿಲ್ಲ. ಮೂರರಲ್ಲೂ ಕೊನೆಯ ಅಕ್ಷರ 屏. ಹೊಸ ಲಿಪಿ ನೋಡುವ ಕಣ್ಣು ಒಂದು ಆಕಾರ ಸಿಕ್ಕ ಕೂಡಲೇ ಅದಕ್ಕೆ ಅಂಟಿಕೊಳ್ಳುತ್ತದೆ, ಪಕ್ಕದ್ದನ್ನು ಬಿಟ್ಟುಬಿಡುತ್ತದೆ. ಪದವನ್ನು ಇಡಿಯಾಗಿ ಕಳಿಸಿ ಸುಮ್ಮನಾಗಿದ್ದು ನನ್ನ ತಪ್ಪು. ಅಕ್ಷರದ ಯಾವ ಭಾಗ ನೋಡಬೇಕು ಎಂದು ಹೇಳಬೇಕಿತ್ತು.

ಆಮೇಲೆ ಹೀಗೆ ಹೇಳಿದೆ: "ಎರಡನೇ ಅಕ್ಷರ ಬಿಡು. ಮೊದಲನೇದರ ಎಡಗಡೆ ನೋಡು. ಒಂದು ಉದ್ದ ಗೀಟು, ಕೆಳಗೆ ಸಣ್ಣ ಕೊಕ್ಕೆ, ಅದರ ಮೇಲೆ ಎರಡು ಅಡ್ಡ ಗೀಟು ಇರುತ್ತೆ." ಅದು ಚೀನೀ ಲಿಪಿಯಲ್ಲಿ ಕೈ ಎಂಬುದರ ಗುರುತು, 扌. ಎಸೆಯುವುದು ಕೈಯ ಕೆಲಸ ಅಲ್ವಾ, ಅದಕ್ಕೇ ಅಲ್ಲಿದೆ. ಸ್ಕ್ರೀನ್‌ಶಾಟ್ ಗುಂಡಿಯಲ್ಲೂ ರೆಕಾರ್ಡಿಂಗ್ ಗುಂಡಿಯಲ್ಲೂ ಅದಿಲ್ಲ. ಹತ್ತು ಸೆಕೆಂಡಿನಲ್ಲಿ ಸರಿಯಾದ ಗುಂಡಿ ಸಿಕ್ಕಿತು.

ಗುಂಡಿಯ ಚಿತ್ರವನ್ನೇ ನಂಬಬಹುದಿತ್ತಲ್ಲ ಎಂದು ಕೇಳಬಹುದು. ಗೂಗಲ್‌ನ ಕಾಸ್ಟ್ ಚಿಹ್ನೆ ನಿಮಗೆ ಗೊತ್ತಿರುತ್ತದೆ: ಒಂದು ಚೌಕಟ್ಟು, ಅದರ ಎಡ ಕೆಳಮೂಲೆಯಲ್ಲಿ ಮೂರು ಬಾಗಿದ ಗೆರೆ. ಏರ್‌ಪ್ಲೇಗೆ ಚೌಕಟ್ಟಿನ ಕೆಳಗೆ ತ್ರಿಕೋನ. ಆದರೆ ಉಳಿದ ಕಂಪನಿಗಳು ತಮಗೆ ಬೇಕಾದ ಚಿತ್ರ ಹಾಕುತ್ತವೆ. ಈ ಫೋನಿನಲ್ಲಿ ಇದ್ದದ್ದು ಚೌಕಟ್ಟು ಮತ್ತು ಬಾಣ. ಸ್ಕ್ರೀನ್‌ಶಾಟ್‌ನದ್ದೂ ಹೆಚ್ಚುಕಡಿಮೆ ಚೌಕಟ್ಟೇ. ಚಿತ್ರ, ಪದ ಎರಡೂ ಸೇರಿದರೆ ಮಾತ್ರ ಭರವಸೆ ಇಡಬಹುದು.

ಖಾಲಿ ಪಟ್ಟಿ

投屏 ಒತ್ತಿದ ಮೇಲೆ ಒಂದು ಪುಟ ತೆರೆಯಿತು. ಮೇಲೆ ಆನ್-ಆಫ್ ಸ್ವಿಚ್, ಅದು ಆನ್ ಆಗಿತ್ತು. ಕೆಳಗೆ ಒಂದು ಸಣ್ಣ ಚಕ್ರ ತಿರುಗುತ್ತಾ ಇತ್ತು. ಅದರ ಕೆಳಗೆ ಏನೂ ಇಲ್ಲ. ಟಿವಿಯ ಹೆಸರು ಬರಬೇಕಾದ ಜಾಗ ಖಾಲಿ.

ಇಲ್ಲಿ ನಾನು ಅರ್ಧ ಗಂಟೆ ಹಾಳು ಮಾಡಿದೆ. "ಎರಡೂ ಒಂದೇ ವೈಫೈನಲ್ಲಿ ಇದೆಯಾ ನೋಡು" ಎಂದೆ. ನಾನು ದಿನವೂ ಬಳಸುವುದು ಗೂಗಲ್ ಕಾಸ್ಟ್. ಅದರಲ್ಲಿ ಟಿವಿ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಇದೇ. ಫೋನು ಮತ್ತು ಟಿವಿ ಎರಡೂ ಒಂದೇ ರೂಟರ್‌ಗೆ ಸೇರಿರಬೇಕು. ಫೋನು ಆ ನೆಟ್‌ವರ್ಕ್‌ನೊಳಗೆ "ಯಾರಾದರೂ ಇದ್ದೀರಾ" ಎಂದು ಕೂಗುತ್ತದೆ, ಟಿವಿ ಓಗೊಡುತ್ತದೆ.

ವೈಫೈ ಪರೀಕ್ಷಿಸುವುದು ಅಷ್ಟು ಕಷ್ಟ ಆಗಲಿಲ್ಲ. ಈ ಫೋನಿನಲ್ಲಿ ವೈಫೈಗೆ WLAN ಎಂದು ಬರೆದಿತ್ತು. ಚೀನಾದ ಫೋನುಗಳಲ್ಲಿ ಹೀಗೆ ಬರೆಯುವುದು ರೂಢಿ, ಅದು ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ. ಟಿವಿಯಲ್ಲಿ ಬೀಸಣಿಗೆ ಆಕಾರದ ಚಿತ್ರ ಇತ್ತು. ಇನ್ನು ನೆಟ್‌ವರ್ಕ್‌ನ ಹೆಸರನ್ನು ಯಾವ ಮೆನುವೂ ಅನುವಾದ ಮಾಡುವುದಿಲ್ಲ. ಮನೆಯವರು ಯಾವ ಲಿಪಿಯಲ್ಲಿ ಇಟ್ಟಿರುತ್ತಾರೋ ಎರಡು ಕಡೆಯೂ ಹಾಗೇ ಕಾಣುತ್ತದೆ. ನೋಡಿದರೆ ಫೋನು ಒಂದು ಹೆಸರಿನಲ್ಲಿತ್ತು, ಟಿವಿ ಅದೇ ಹೆಸರಿನ ಕೊನೆಗೆ _5G ಇದ್ದದ್ದರಲ್ಲಿ. ಸಿಕ್ಕಿತು ಕಾರಣ ಎಂದುಕೊಂಡು ಫೋನನ್ನು ಅದಕ್ಕೇ ಬದಲಾಯಿಸಿದೆವು. ಪಾಸ್‌ವರ್ಡ್ ಹಾಕಿದ್ದಾಯಿತು, ಟಿವಿ ಆರಿಸಿ ಹಾಕಿದ್ದಾಯಿತು, ರೂಟರ್ ಕೂಡ. ಪಟ್ಟಿ ಖಾಲಿಯೇ.

ಆಗ ಒಂದು ಹೆಸರು ಬಂತು.

"ಅಕ್ಕಾ ಬಂತು! ಒತ್ತಲಾ?"

"ತಡಿ, ಏನಂತ ಇದೆ?"

ಅವಳು ಓದಿದಳು. ಇಂಗ್ಲಿಷ್ ಅಕ್ಷರಗಳು, ಒಂದು ಕಂಪನಿಯ ಹೆಸರು, ಪಕ್ಕದಲ್ಲಿ "Bedroom". ಆ ಮನೆಯಲ್ಲಿ ಇದ್ದದ್ದು ಒಂದೇ ಟಿವಿ, ಅದೂ ಬೇರೆ ಕಂಪನಿಯದ್ದು. ಇದು ಗೋಡೆಯಾಚೆಗಿನ ಯಾರದ್ದೋ ಮಲಗುವ ಕೋಣೆಯ ಟಿವಿ.

ನನಗೆ ತಟ್ಟನೆ ಹೊಳೆದದ್ದು ಆ ಕ್ಷಣದಲ್ಲೇ. ಪಕ್ಕದ ಮನೆಯ ಟಿವಿ ನಮ್ಮ ರೂಟರ್‌ನಲ್ಲಿ ಇರಲು ಸಾಧ್ಯವೇ ಇಲ್ಲ. ಆದರೂ ಈ ಫೋನಿಗೆ ಅದು ಕಾಣುತ್ತಿದೆ. ಅಂದರೆ ಫೋನು ರೂಟರ್ ಮೂಲಕ ಹುಡುಕುತ್ತಿಲ್ಲ, ಗಾಳಿಯಲ್ಲಿ ನೇರವಾಗಿ ಹುಡುಕುತ್ತಿದೆ. ಇದು ಗೂಗಲ್ ಕಾಸ್ಟ್ ಅಲ್ಲ, ಮಿರಾಕಾಸ್ಟ್.

ಎರಡಕ್ಕೂ ಇರುವ ವ್ಯತ್ಯಾಸ ತಿಳಿದರೆ ಮುಂದಿನದೆಲ್ಲ ಸುಲಭ. ಮಿರಾಕಾಸ್ಟ್ ಎಂಬುದು ವೈಫೈ ಅಲಯನ್ಸ್ 2012ರಲ್ಲಿ ತಂದ ಪದ್ಧತಿ. ಅದರಲ್ಲಿ ಫೋನೂ ಟಿವಿಯೂ ಮಧ್ಯೆ ರೂಟರ್ ಇಲ್ಲದೆ, ವೈಫೈ ಡೈರೆಕ್ಟ್ ಎಂಬ ದಾರಿಯಲ್ಲಿ ತಾವೇ ಕೈ ಹಿಡಿದುಕೊಳ್ಳುತ್ತವೆ. ಇಂಟರ್ನೆಟ್ಟೂ ಬೇಡ. ಫೋನಿನ ವೈಫೈ ಆನ್ ಆಗಿದ್ದರೆ ಸಾಕು. ಗೂಗಲ್ ತನ್ನ ಆಂಡ್ರಾಯ್ಡ್‌ನಿಂದ ಇದನ್ನು 2015ರ 6.0 ಆವೃತ್ತಿಯಲ್ಲಿ ಕೈಬಿಟ್ಟಿತು, ಆದರೆ ಬೇರೆ ಫೋನ್ ಕಂಪನಿಗಳು ಹಲವು ಉಳಿಸಿಕೊಂಡವು. ಚೀನಾದ ಮಾರುಕಟ್ಟೆಯ ಫೋನುಗಳಲ್ಲಿ ಗೂಗಲ್‌ನ ಸೇವೆಗಳು ಸಾಮಾನ್ಯವಾಗಿ ಸಿದ್ಧವಾಗಿ ಇರುವುದಿಲ್ಲ. ಅದಕ್ಕೇ ಅಲ್ಲಿ ಪರದೆ ಕಳಿಸುವ ಗುಂಡಿ ಹೆಚ್ಚಾಗಿ ಮಿರಾಕಾಸ್ಟ್ ದಾರಿಯಲ್ಲಿ ನಡೆಯುತ್ತದೆ. ನಮ್ಮ ಟಿವಿ ಮಾತ್ರ ಸುಮ್ಮನಿದ್ದಾಗ ಗೂಗಲ್ ಕಾಸ್ಟ್‌ನ ಕೂಗಿಗಷ್ಟೇ ಕಿವಿ ಕೊಡುತ್ತಿತ್ತು. ಫೋನೊಂದು ರೀತಿ ಕೂಗುತ್ತಿದೆ, ಟಿವಿ ಇನ್ನೊಂದು ರೀತಿಯ ಕೂಗಿಗೆ ಕಾಯುತ್ತಿದೆ. ಮೆನುಗಳು ಕನ್ನಡದಲ್ಲೇ ಇದ್ದಿದ್ದರೂ ಪಟ್ಟಿ ಖಾಲಿಯೇ ಇರುತ್ತಿತ್ತು.

ಊಹೆ ಸರಿಯೋ ಎಂದು ನೋಡಲು ಒಂದು ಸಣ್ಣ ಪರೀಕ್ಷೆ ಮಾಡಿದೆವು. ವೈಫೈ ಆನ್ ಇಟ್ಟುಕೊಂಡೇ ಫೋನನ್ನು ಮನೆಯ ನೆಟ್‌ವರ್ಕ್‌ನಿಂದ ಬಿಡಿಸಿದಳು. 投屏 ಪುಟದಲ್ಲಿ ಚಕ್ರ ತಕರಾರಿಲ್ಲದೆ ತಿರುಗುತ್ತಲೇ ಇತ್ತು, ಪಕ್ಕದ ಮನೆಯ ಹೆಸರೂ ಹಾಗೇ ಇತ್ತು. ಆಮೇಲೆ ವೈಫೈಯನ್ನೇ ಆಫ್ ಮಾಡಿದಳು. ಕೂಡಲೇ ಎರಡು ಗುಂಡಿಗಳ ಒಂದು ಪೆಟ್ಟಿಗೆ ಎದ್ದು ಬಂದು ಏನೋ ಕೇಳಿತು. ಒಂದು ಪದ ಓದದೆ ಉತ್ತರ ಸಿಕ್ಕಿತು: ಇದಕ್ಕೆ ವೈಫೈ ಬೇಕು, ರೂಟರ್ ಬೇಡ.

ಮಿರಾಕಾಸ್ಟ್‌ನಲ್ಲಿ ಪಕ್ಕದವರ ಟಿವಿ ಕಾಣುವುದು ಮಾಮೂಲು. ಆದ್ದರಿಂದ ಪಟ್ಟಿಯಲ್ಲಿ ಬಂದ ಮೊದಲ ಹೆಸರನ್ನೇ ಒತ್ತಬೇಡಿ. ರಾತ್ರಿ ಹೊತ್ತು ಅವರ ಪರದೆ ಮೇಲೆ "ಒಪ್ಪುತ್ತೀರಾ" ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಅವರು ಒಪ್ಪಿಬಿಟ್ಟರೆ ನಿಮ್ಮ ಫೋನಿನ ಪರದೆ ಪೂರ್ತಿ ಅವರ ಕೋಣೆಯಲ್ಲಿ ಕಾಣುತ್ತದೆ.

ಕನ್ನಡಿಯೊಳಗಿನ ಮೆನು

ಈಗ ಕೆಲಸ ಟಿವಿ ಕಡೆಗೆ ಬಂತು. ಬಹಳಷ್ಟು ಟಿವಿಗಳು ಮಿರಾಕಾಸ್ಟ್‌ಗೆ ಯಾವಾಗಲೂ ಕಿವಿ ತೆರೆದುಕೊಂಡು ಇರುವುದಿಲ್ಲ. ಅದಕ್ಕೆಂದೇ ಇರುವ ಒಂದು ಆ್ಯಪ್ ಅಥವಾ ಇನ್‌ಪುಟ್ ತೆರೆದಾಗ ಮಾತ್ರ ಕೇಳಿಸಿಕೊಳ್ಳುತ್ತವೆ. ಕೆಲವು ಟಿವಿಗಳಲ್ಲಿ ಮಿರಾಕಾಸ್ಟ್ ಇರುವುದೇ ಇಲ್ಲ. ಅಂಥ ಕಡೆ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಕೇಬಲ್ಲೋ ಎಚ್‌ಡಿಎಂಐಗೆ ಹಾಕುವ ಪ್ರತ್ಯೇಕ ಡಾಂಗಲ್ಲೋ ಬೇಕಾಗುತ್ತದೆ.

ಅರಬ್ಬಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ತಿರುಗುವುದು ಬರೀ ಅಕ್ಷರಗಳಲ್ಲ, ಇಡೀ ಮೆನುವೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತದೆ. ಬಲ ಮೇಲ್ಮೂಲೆಯಲ್ಲಿ ಇರಬೇಕಾದ ಹಲ್ಲುಚಕ್ರದ ಚಿತ್ರ, ಅಂದರೆ ಸೆಟ್ಟಿಂಗ್ಸ್, ಈ ಟಿವಿಯಲ್ಲಿ ಎಡ ಮೇಲ್ಮೂಲೆಯಲ್ಲಿತ್ತು. ಸಾಲುಗಳು ಬಲದಿಂದ ಶುರುವಾಗುತ್ತಿದ್ದವು. ನಾನು "ಬಲಕ್ಕೆ ಮೂರು ಸಲ ಒತ್ತು" ಎಂದು ರೂಢಿಯ ಮೇಲೆ ಹೇಳುತ್ತಿದ್ದೆ, ಅವಳು ಒತ್ತುತ್ತಿದ್ದಳು, ಏನೂ ಅಲ್ಲಾಡುತ್ತಿರಲಿಲ್ಲ. ರಿಮೋಟ್ ಕೆಟ್ಟಿದೆ ಎಂದು ಅವಳಿಗೆ ಅನಿಸಿತು. ಆ ಸಾಲಿನಲ್ಲಿ ಬಲಕ್ಕೆ ಹೋಗಲು ಜಾಗವೇ ಇರಲಿಲ್ಲ, ಅಷ್ಟೇ. ಆಮೇಲೆ ನಾವು ಎಡ ಬಲ ಎನ್ನುವುದನ್ನೇ ಬಿಟ್ಟು "ಮುಂದೆ", "ಹಿಂದೆ" ಎಂದು ಮಾತಾಡಿಕೊಂಡೆವು. ಮುಂದೆ ಎಂದರೆ ಎಡ.

ಇಂಥ ಹೊತ್ತಿನಲ್ಲಿ ರಿಮೋಟ್ ದೊಡ್ಡ ಆಸರೆ. ಅದರ ಮೇಲೆ ಅಚ್ಚಾದ ಚಿತ್ರಗಳು ಭಾಷೆ ಬದಲಾದರೂ ಬದಲಾಗುವುದಿಲ್ಲ. ಮನೆ ಚಿತ್ರ ಒತ್ತಿದರೆ ಮೊದಲ ಪುಟ. ಚೌಕಟ್ಟಿನೊಳಗೆ ನುಗ್ಗುವ ಬಾಣದ ಚಿತ್ರ ಒತ್ತಿದರೆ ಇನ್‌ಪುಟ್‌ಗಳ ಪಟ್ಟಿ. ಆ ಪಟ್ಟಿ ತೆರೆದಾಗ HDMI 1, HDMI 2, AV ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇದ್ದವು. ಎಚ್‌ಡಿಎಂಐ ಎಂಬುದಕ್ಕೆ ಯಾರೂ ಅನುವಾದ ಹಾಕುವುದಿಲ್ಲ. ನೋಡಿದ ಕೂಡಲೇ ತಂಗಿಯ ದನಿಯಲ್ಲಿ ನೆಮ್ಮದಿ ಕೇಳಿಸಿತು. ಕೊನೆಯಲ್ಲಿ ಎರಡು ಸಾಲು ಮಾತ್ರ ಅರಬ್ಬಿಯಲ್ಲಿದ್ದವು.

ಅರಬ್ಬಿಯಲ್ಲಿ ಪರದೆಗೆ شاشة. ಇದನ್ನು ಗುರುತಿಸಲು ನಾನು ಅವಳಿಗೆ ಚುಕ್ಕೆ ಎಣಿಸಲು ಹೇಳಿದೆ. ಮೇಲೆ ಮೂರು ಚುಕ್ಕೆಯ ಗುಂಪು, ಮತ್ತೆ ಮೂರು ಚುಕ್ಕೆಯ ಗುಂಪು, ಕೊನೆಗೆ ಎರಡು ಚುಕ್ಕೆ. ಬಲದಿಂದ ಎಣಿಸಬೇಕು: ಮೂರು, ಮೂರು, ಎರಡು. ಪರದೆ ಹಂಚಿಕೊಳ್ಳುವುದು ಎಂಬುದಕ್ಕೆ مشاركة الشاشة ಎಂದು ಬರೆಯುತ್ತಾರೆ. ಅದರಲ್ಲಿ ಎರಡನೇ ಪದ ಇದೇ. ಕೊನೆಯ ಸಾಲಿನಲ್ಲಿ ಚುಕ್ಕೆಗಳ ಲೆಕ್ಕ ಸರಿಹೋಯಿತು, ಪಕ್ಕದಲ್ಲಿ ಫೋನಿನ ಪುಟ್ಟ ಚಿತ್ರವೂ ಇತ್ತು. ಪರದೆ ಎಂಬ ಪದ ಒಂದೇ ಸಾಕಾಗುವುದಿಲ್ಲ, ಬೆಳಕು ಬಣ್ಣದ ಸೆಟ್ಟಿಂಗ್‌ಗಳಲ್ಲೂ ಅದು ಬರಬಹುದು. ಫೋನಿನ ಚಿತ್ರವೂ ಜೊತೆಗಿದ್ದರೆ ಅನುಮಾನ ಇರುವುದಿಲ್ಲ.

ಅದನ್ನು ತೆರೆದಳು. ಟಿವಿಯ ಪರದೆ ಖಾಲಿಯಾಯಿತು. ನಡುವೆ ಫೋನು ಮತ್ತು ಟಿವಿಯ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ಹೆಸರು. ಮೂರು ನಾಲ್ಕು ಸೆಕೆಂಡಿನೊಳಗೆ ಅದೇ ಹೆಸರು ಫೋನಿನ ಪಟ್ಟಿಯಲ್ಲಿ ಎರಡನೆಯದಾಗಿ ಬಂತು. ಅಕ್ಷರ ಅಕ್ಷರ ಹೋಲಿಸಿ ನೋಡಿದೆವು. ಅದೇ.

ಒಪ್ಪಿಗೆ, ಮತ್ತು ನಾಲ್ಕು ಅಂಕಿ

ಫೋನಿನಲ್ಲಿ ಹೆಸರು ಒತ್ತಿದಾಗ ಟಿವಿಯಲ್ಲಿ ಪ್ರಶ್ನೆ ಬಂತು, ಎರಡು ಗುಂಡಿ. ಅವಳು ಬಲಗಡೆಯದನ್ನು ಒತ್ತಿದಳು. ನಾವು ನೋಡಿದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ "ಸರಿ" ಎಂಬುದು ಬಲಕ್ಕೇ ಇರುತ್ತದಲ್ಲ. ಪೆಟ್ಟಿಗೆ ಮಾಯವಾಯಿತು, ಫೋನಿನಲ್ಲಿ ಆ ಹೆಸರಿನ ಕೆಳಗಿದ್ದ ಸಣ್ಣ ಅಕ್ಷರ ಬದಲಾಗಿ ಮೊದಲಿನಂತಾಯಿತು. ಕನ್ನಡಿ ಮೆನುವಿನಲ್ಲಿ ಗುಂಡಿಗಳೂ ಅದಲು ಬದಲಾಗಿದ್ದವು. ಅವಳು ಒತ್ತಿದ್ದು رفض, ನಿರಾಕರಿಸು. ಎಡಕ್ಕೆ ಇದ್ದದ್ದು قبول, ಒಪ್ಪು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಕೆಲವು ಟಿವಿಗಳು ಒಮ್ಮೆ ನಿರಾಕರಿಸಿದ ಫೋನನ್ನು ನೆನಪಿಟ್ಟುಕೊಂಡು ಮತ್ತೆ ಕೇಳುವುದೇ ಇಲ್ಲ. ಆಗ ಟಿವಿಯ ಸೆಟ್ಟಿಂಗ್ ಒಳಗೆ ಹೋಗಿ ಆ ಫೋನನ್ನು ಪಟ್ಟಿಯಿಂದ ತೆಗೆಯಬೇಕು. ಓದಲು ಬಾರದ ಭಾಷೆಯಲ್ಲಿ ಅದು ದೊಡ್ಡ ಕೆಲಸ. ಈ ಟಿವಿ ಮತ್ತೆ ಕೇಳಿತು, ಬದುಕಿದೆವು.

ಈ ಸಲ ಎಡ ಗುಂಡಿ ಒತ್ತಿದಳು. ಟಿವಿಯಲ್ಲಿ ದೊಡ್ಡದಾಗಿ ನಾಲ್ಕು ಗುರುತು ಬಂದವು, ಫೋನಿನಲ್ಲಿ ಅಂಕಿ ಒತ್ತುವ ಪುಟ.

٦٥٠٢

"ಏಳು, ಸೊನ್ನೆ, ಆಮೇಲೆ ಬರೀ ಒಂದು ಚುಕ್ಕೆ ಇದೆ ಅಕ್ಕಾ, ಆಮೇಲೆ ಎರಡು ಥರ ಇದೆ."

ಚುಕ್ಕೆಯನ್ನು ಬಿಟ್ಟು ಮೂರು ಅಂಕಿ ಒತ್ತಿದಳು. ಫೋನಿನ ಸರಿ ಗುಂಡಿ ಮಂಕಾಗಿಯೇ ಇತ್ತು, ಅಂದರೆ ಇನ್ನೂ ಒಂದು ಅಂಕಿ ಬೇಕು. ಅಷ್ಟರಲ್ಲಿ ಸಮಯ ಮುಗಿದು ಟಿವಿ ಮೊದಲಿನ ಪುಟಕ್ಕೆ ಹೋಯಿತು.

ಕನ್ನಡ ಓದುವವರು ಎಡವುವ ಜಾಗ ಇದು. ನಮ್ಮ ಕಣ್ಣಿಗೆ ಸಣ್ಣ ಉಂಗುರ ಎಂದರೆ ಸೊನ್ನೆ. ಕನ್ನಡದ ೦ ಕೂಡ ಹಾಗೇ ಇದೆ, ಇಂಗ್ಲಿಷಿನದ್ದೂ ಹಾಗೇ. ಅರಬ್ಬಿ ಬರಹದ ಈ ಅಂಕಿಗಳಲ್ಲಿ ಉಂಗುರ ಎಂದರೆ ಐದು. ಸೊನ್ನೆ ಎಂದರೆ ಆ ಚುಕ್ಕೆ. ಏಳಿನ ಹಾಗೆ ಕಾಣುವ ٦ ಆರು. ನಿಜವಾದ ಏಳು ಇಂಗ್ಲಿಷಿನ V ಹಾಗಿದೆ, ಎಂಟು ಅದನ್ನು ಬೋರಲು ಹಾಕಿದ ಹಾಗೆ. ಇನ್ನೊಂದು ವಿಷಯ: ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮ ಹಾಗೆ ಎಡದಿಂದ ಬಲಕ್ಕೇ ಬರೆಯುತ್ತಾರೆ. ಕನ್ನಡಿ ಲೆಕ್ಕ ಇಲ್ಲಿ ಅನ್ವಯಿಸುವುದಿಲ್ಲ.

ಹತ್ತೂ ಅಂಕಿ ನನಗೆ ಬಾಯಿಪಾಠ ಇರಲಿಲ್ಲ. ಊಹಿಸಿ ಹೇಳಿದರೆ ತಪ್ಪು ಪಿನ್ ಹೋಗುತ್ತದೆ. ಆಗ ತಂಗಿಗೇ ಒಂದು ಉಪಾಯ ಹೊಳೆಯಿತು. ರಿಮೋಟ್‌ನಲ್ಲಿ ಸದ್ದು ಕಡಿಮೆ ಮಾಡುವ ಗುಂಡಿಯನ್ನು ಒತ್ತಿಹಿಡಿದಳು. ಸದ್ದಿನ ಪಟ್ಟಿ ಪೂರ್ತಿ ಇಳಿದಾಗ ಪಕ್ಕದಲ್ಲಿ ಚುಕ್ಕೆ ಬಂತು. ಅದು ಸೊನ್ನೆ. ಅಲ್ಲಿಂದ ಒಂದೊಂದೇ ಸಲ ಏರಿಸುತ್ತಾ ಬಂದ ಆಕಾರವನ್ನು ಕಾಗದದ ಮೇಲೆ ಬರೆದುಕೊಂಡಳು. ಒಂಬತ್ತು ಸಲ ಒತ್ತುವಷ್ಟರಲ್ಲಿ ಹತ್ತೂ ಅಂಕಿ ಸಿದ್ಧ. ನನಗೆ ಆ ರಾತ್ರಿ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಟಿವಿಯ ಕೈಯಲ್ಲೇ ತನ್ನ ಅಂಕಿಗಳನ್ನು ಕಲಿಸಿಕೊಂಡಳು.

ಮತ್ತೆ ಕೂಡಿಸಿದಾಗ ಪಿನ್ ಬೇರೆಯಾಗಿತ್ತು: ٥٨٧٠. ಕಾಗದ ನೋಡಿಕೊಂಡು 5870 ಒತ್ತಿದಳು. ಎರಡು ಸೆಕೆಂಡ್ ಕತ್ತಲೆ, ಆಮೇಲೆ ಫೋನಿನ ಪರದೆ ಟಿವಿಯಲ್ಲಿ.

ಕಪ್ಪು ಪುಟ

ಅಲ್ಲಿಗೆ ಮುಗಿಯಲಿಲ್ಲ. ಆ್ಯಪ್ ತೆರೆದಾಗ ಮೊದಲ ಪುಟ ಚೆನ್ನಾಗಿ ಕಂಡಿತು. ಲಾಗಿನ್ ಪುಟಕ್ಕೆ ಹೋದ ಕೂಡಲೇ ಟಿವಿ ಪೂರ್ತಿ ಕಪ್ಪು. ಫೋನಿನಲ್ಲಿ ಎಲ್ಲ ಸರಿಯಾಗಿತ್ತು. ಸಂಪರ್ಕ ಕಡಿದು ಹೋಯಿತೆಂದು ಅವಳು ಮತ್ತೆ ಮೊದಲಿಂದ ಶುರು ಮಾಡಲು ಹೊರಟಿದ್ದಳು, ನಾನು ತಡೆದೆ. "ಹಿಂದಿನ ಪುಟಕ್ಕೆ ಹೋಗು" ಎಂದೆ. ಹೋದಳು, ಚಿತ್ರ ಮರಳಿ ಬಂತು. ಸಂಪರ್ಕ ಕಡಿದಿದ್ದರೆ ಹೀಗೆ ಬರುತ್ತಿರಲಿಲ್ಲ, ಟಿವಿ ತನ್ನ ಕಾಯುವ ಪುಟಕ್ಕೆ ಹೋಗಿರುತ್ತಿತ್ತು.

ಪಾಸ್‌ವರ್ಡ್ ಕೇಳುವ ಪುಟಗಳು, ಬ್ಯಾಂಕ್ ಆ್ಯಪ್‌ಗಳು, ಹಕ್ಕು ಕಾಯ್ದಿರಿಸಿದ ಸಿನಿಮಾ ತೋರಿಸುವ ಆ್ಯಪ್‌ಗಳು ತಮ್ಮ ಪುಟವನ್ನು ಭದ್ರ ಎಂದು ಗುರುತು ಹಾಕಬಹುದು. ಆಂಡ್ರಾಯ್ಡ್‌ನಲ್ಲಿ ಆ ಗುರುತಿನ ಹೆಸರು FLAG_SECURE. ಹಾಗೆ ಗುರುತಾದ ಪುಟ ಸ್ಕ್ರೀನ್‌ಶಾಟ್‌ಗೂ ಸಿಗುವುದಿಲ್ಲ, ಭದ್ರವಲ್ಲದ ಹೊರಗಿನ ಪರದೆಗೂ ಹೋಗುವುದಿಲ್ಲ. ಆಗ ಕಾಣುವುದು ಕಪ್ಪು. ಅವಳಿಗೆ ಇದರ ಪರೀಕ್ಷೆ ಸುಲಭವಾಗಿ ಸಿಕ್ಕಿತು. ಮೊದಲು ತಪ್ಪಿ ಒತ್ತಿದ್ದ 截屏 ಗುಂಡಿಯನ್ನು ಈಗ ಬೇಕೆಂದೇ ಲಾಗಿನ್ ಪುಟದಲ್ಲಿ ಒತ್ತಿದಳು. ಫೋನು ಚಿತ್ರ ತೆಗೆಯಲು ಒಪ್ಪಲಿಲ್ಲ. ಹಾಗಾದರೆ ಬೆಳಿಗ್ಗೆ ಜನ ಬರುವ ಮೊದಲೇ ಲಾಗಿನ್ ಮಾಡಿ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆವು.

ಬೆರಳು ಆಡಿಸಿದ್ದಕ್ಕೂ ಟಿವಿಯಲ್ಲಿ ಕಾಣುವುದಕ್ಕೂ ನಡುವೆ ಚೂರು ತಡ ಇತ್ತು. ಮಿರಾಕಾಸ್ಟ್‌ನಲ್ಲಿ ಅದು ಇದ್ದೇ ಇರುತ್ತದೆ, ಫೋನು ಪರದೆಯನ್ನು ವಿಡಿಯೋ ಮಾಡಿ ಕಳಿಸಬೇಕಲ್ಲ. ಆಟಕ್ಕೆ ಅಡ್ಡಿಯಾಗಬಹುದು, ಒಂದು ಆ್ಯಪ್‌ನ ಪುಟಗಳನ್ನು ತೋರಿಸಲು ಏನೂ ತೊಂದರೆ ಇಲ್ಲ.

ಬೆಳಿಗ್ಗೆ

ಮಲಗುವ ಮೊದಲು ಅವಳು ದಾರಿಯನ್ನು ಒಂದು ಕಾಗದದಲ್ಲಿ ಬರೆದಳು. ಅದರಲ್ಲಿ ಪದಗಳು ಕಡಿಮೆ, ಚಿತ್ರಗಳೇ ಜಾಸ್ತಿ: ನುಗ್ಗುವ ಬಾಣ, ಕೊನೆಯ ಸಾಲು, ಮೂರು-ಮೂರು-ಎರಡು ಚುಕ್ಕೆ. ಆಮೇಲೆ ಫೋನಿನಲ್ಲಿ ಕೈ ಗುರುತಿನ ಗುಂಡಿ, ಟಿವಿಯ ಹೆಸರು, ಎಡ ಗುಂಡಿ. ಪಕ್ಕದಲ್ಲಿ ಹತ್ತು ಅಂಕಿಗಳ ಸಾಲು.

ಬೆಳಿಗ್ಗೆ ಒಂಬತ್ತೂವರೆಗೆ ಮತ್ತೆ ಕರೆ ಬಂತು. ಪಟ್ಟಿ ಖಾಲಿ. ಕಾಗದ ಕ್ಯಾಮೆರಾಗೆ ಹಿಡಿಯಲು ಹೇಳಿದೆ. ದಾರಿ ಸರಿಯಾಗೇ ಇತ್ತು. ಆದರೆ ಅವಳು ಮೊದಲು ಫೋನಿನ ಗುಂಡಿ ಒತ್ತಿ, ಪುಟ ತೆರೆದಿಟ್ಟು, ಆಮೇಲೆ ಟಿವಿ ಕಡೆ ಹೋಗಿದ್ದಳು. ಅಷ್ಟರಲ್ಲಿ ಫೋನು ಹುಡುಕುವುದನ್ನು ನಿಲ್ಲಿಸಿತ್ತು, ಚಕ್ರ ತಿರುಗುತ್ತಿರಲಿಲ್ಲ. ರಾತ್ರಿ ಟಿವಿ ಆರಿಸಿದ್ದರಿಂದ ಅದರ ಕಾಯುವ ಪುಟವೂ ಮುಚ್ಚಿತ್ತು. ಟಿವಿಯಲ್ಲಿ ಕೊನೆಯ ಸಾಲು ತೆರೆದು, ಆಮೇಲೆ ಫೋನಿನಲ್ಲಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗ ಹೆಸರು ಬಂತು. ಈ ಸಲ ಪಿನ್ ಕೇಳಲಿಲ್ಲ, ಟಿವಿ ಫೋನನ್ನು ನೆನಪಿಟ್ಟುಕೊಂಡಿತ್ತು.

ಕಾಗದದ ಮೇಲ್ಗಡೆ ಅವಳು ದೊಡ್ಡದಾಗಿ "ಟಿವಿ ಮೊದಲು" ಎಂದು ಬರೆದಳು. ಹತ್ತು ಗಂಟೆಗೆ ತಂಡದವರು ಬಂದಾಗ ಆ್ಯಪ್ ಲಾಗಿನ್ ಆಗಿ ಟಿವಿ ತುಂಬ ಕೂತಿತ್ತು. ಎಲ್ಲ ಮುಗಿದ ಮೇಲೆ ಟಿವಿಯನ್ನು ಮೊದಲಿದ್ದ HDMI 1ಕ್ಕೆ ತಂದು, ಸದ್ದನ್ನೂ ಮನೆ ಒಡತಿ ಇಟ್ಟಿದ್ದ ಅಂಕಿಗೇ ಏರಿಸಿ ಆರಿಸಿದಳು.